ಮೊದಲ ಕ್ಯಾಮೆರಾಗೆ 40 ಸಾವಿರ: ಸೆನ್ಸಾರ್ ನೋಡಬೇಕಾ, ಲೆನ್ಸ್ ನೋಡಬೇಕಾ?

"ನಲವತ್ತು ಸಾವಿರ ಇದೆ, ಯಾವ ಕ್ಯಾಮೆರಾ ತಗೊಳ್ಳಲಿ? ಹಳೇ ಫುಲ್ ಫ್ರೇಮ್ ಸಿಕ್ಕರೆ ಅದೇ ಒಳ್ಳೇದಲ್ವಾ?" ಹಾಸನದಲ್ಲಿ ಫೋಟೋ ಹುಚ್ಚು ಹಿಡಿದವರು ಯಾರೇ ಸಿಕ್ಕರೂ ಮೊದಲು ಕೇಳುವುದು ಇದನ್ನೇ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಸೆಕೆಂಡ್ ಹ್ಯಾಂಡ್ ಎಪಿಎಸ್-ಸಿ ಬಾಡಿ, ಅಂದರೆ ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸಾರ್ ಇರುವ ಕ್ಯಾಮೆರಾ ತಗೊಳ್ಳಿ, ಅದರ ಜೊತೆಗೆ ಎಫ್ 1.8ರ ಒಂದು ಪ್ರೈಮ್ ಲೆನ್ಸ್, ಅಂದರೆ ಝೂಮ್ ಆಗದ, ದೊಡ್ಡ ಬಾಯಿಯ ಲೆನ್ಸ್ ತಗೊಳ್ಳಿ. ಬಾಡಿ ಎಷ್ಟು ಹೊಸದು ಅನ್ನುವುದಕ್ಕಿಂತ ಲೆನ್ಸ್ ಒಳಗೆ ಬೂಷ್ಟು ಹಿಡಿದಿದೆಯಾ ಅನ್ನುವುದನ್ನು ಜಾಸ್ತಿ ನೋಡಿ, ಯಾಕಂದರೆ ನಾವಿರುವುದು ಮಲೆನಾಡಿನ ಅಂಚಿನಲ್ಲಿ.

ಸೆನ್ಸಾರ್ ವಿಷಯದಿಂದಲೇ ಶುರು ಮಾಡೋಣ. ಸೆನ್ಸಾರ್ ಅಂದರೆ ಹಳೇ ಕಾಲದ ರೀಲ್ ಇದ್ದ ಜಾಗದಲ್ಲಿ ಈಗ ಇರುವ ಚಿಪ್. ಫುಲ್ ಫ್ರೇಮ್ ಅಂದರೆ 36 × 24 ಮಿಲಿಮೀಟರ್, ಹಳೇ 35 ಎಂಎಂ ಫಿಲ್ಮಿನ ಅಳತೆಯೇ. ಅದರ ವಿಸ್ತೀರ್ಣ 864 ಚದರ ಮಿಲಿಮೀಟರ್. ಎಪಿಎಸ್-ಸಿ ನಿಕಾನ್, ಸೋನಿಗಳಲ್ಲಿ ಸುಮಾರು 366, ಕ್ಯಾನನ್‌ನಲ್ಲಿ ಸ್ವಲ್ಪ ಚಿಕ್ಕದು, 332. ಒಲಿಂಪಸ್, ಪ್ಯಾನಸಾನಿಕ್‌ನವರ ಮೈಕ್ರೋ ಫೋರ್ ಥರ್ಡ್ಸ್ 225. ಒಳ್ಳೆ ಫೋನಿನ ಮುಖ್ಯ ಕ್ಯಾಮೆರಾದ್ದು 70ರ ಆಸುಪಾಸು. ಇಷ್ಟು ನೋಡಿದರೆ ಫುಲ್ ಫ್ರೇಮೇ ಗೆದ್ದ ಹಾಗೆ ಕಾಣುತ್ತದೆ. ಆದರೆ ಸೆನ್ಸಾರ್ ಎಷ್ಟೇ ದೊಡ್ಡದಿರಲಿ, ಅದಕ್ಕೆ ಬೆಳಕು ಬಿಡುವುದು ಲೆನ್ಸ್. ಲೆನ್ಸಿನ ಬಾಯಿ ಚಿಕ್ಕದಾದರೆ ದೊಡ್ಡ ಸೆನ್ಸಾರ್ ತಗೊಂಡ ಲಾಭ ಅಲ್ಲೇ ಕರಗಿಹೋಗುತ್ತದೆ.

ಇದನ್ನು ಅಳೆಯಲು ಒಂದು ಸುಲಭ ಲೆಕ್ಕ ಇದೆ. ಎಫ್ ಸಂಖ್ಯೆ ಅಂದರೆ ಲೆನ್ಸಿನ ಬಾಯಿ ಎಷ್ಟು ತೆರೆದಿದೆ ಅನ್ನುವ ಅಳತೆ, ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು. ಒಂದೇ ದೃಶ್ಯವನ್ನು ಒಂದೇ ಚೌಕಟ್ಟಿನಲ್ಲಿ, ಒಂದೇ ಶಟರ್ ವೇಗದಲ್ಲಿ ತೆಗೆದರೆ, ಚಿತ್ರಕ್ಕೆ ಸಿಕ್ಕ ಒಟ್ಟು ಬೆಳಕು ಹೀಗಿರುತ್ತದೆ:

```
ಸೆನ್ಸಾರ್ ವಿಸ್ತೀರ್ಣ ÷ (ಎಫ್ ಸಂಖ್ಯೆ × ಎಫ್ ಸಂಖ್ಯೆ)
```

ಬರುವ ಸಂಖ್ಯೆಗೆ ಬೇರೆ ಅರ್ಥ ಹುಡುಕಬೇಡಿ, ಒಂದಕ್ಕೊಂದು ಹೋಲಿಸಿ ನೋಡುವುದಕ್ಕೆ ಮಾತ್ರ. ಜಾಸ್ತಿ ಇದ್ದಷ್ಟೂ ಮಬ್ಬು ಬೆಳಕಿನಲ್ಲಿ ಚಿತ್ರ ಶುಭ್ರವಾಗಿ ಬರುತ್ತದೆ, ಕಾಳುಕಾಳು ಕಮ್ಮಿ.

ಫೋನಿನ ಮುಖ್ಯ ಕ್ಯಾಮೆರಾಗೆ ಎಫ್ 1.8 ಅಂತಿಟ್ಟುಕೊಂಡರೆ 70ನ್ನು 3.24ರಿಂದ ಭಾಗಿಸಬೇಕು, ಸುಮಾರು 22 ಬರುತ್ತದೆ. ಒಳಗೆ ಕನ್ನಡಿ ಇರುವ ಎಪಿಎಸ್-ಸಿ ಡಿಎಸ್‌ಎಲ್‌ಆರ್ ಜೊತೆ ಬರುವ, 18ರಿಂದ 55 ಎಂಎಂವರೆಗೆ ಝೂಮ್ ಆಗುವ 18-55 ಕಿಟ್ ಲೆನ್ಸ್, ಪೂರ್ತಿ ಅಗಲದಲ್ಲಿ ಎಫ್ 3.5. ಅದಕ್ಕೆ 30. ಸ್ವಲ್ಪ ಝೂಮ್ ಮಾಡಿ 35 ಎಂಎಂ ಹತ್ತಿರ ಬಂದರೆ ಅದೇ ಲೆನ್ಸ್ ಎಫ್ 4.5ರಷ್ಟಾಗುತ್ತದೆ, ಆಗ ಬರುವುದು 18. "ಅಷ್ಟು ದುಡ್ಡು ಕೊಟ್ಟು ಕ್ಯಾಮೆರಾ ತಂದೆ, ರಾತ್ರಿ ಹೊತ್ತು ಫೋನಲ್ಲೇ ಚೆನ್ನಾಗಿ ಬರುತ್ತೆ" ಅಂತ ಎಷ್ಟು ಜನ ಹೇಳುತ್ತಾರೆ ಅಲ್ವಾ? ಕಾರಣ ಇಲ್ಲಿದೆ. ಕಿಟ್ ಲೆನ್ಸ್ ಹಾಕಿದ ಕ್ಯಾಮೆರಾಗೂ ಫೋನಿಗೂ ಬೆಳಕಿನಲ್ಲಿ ಹೆಚ್ಚೇನೂ ವ್ಯತ್ಯಾಸ ಇಲ್ಲ, ಅದರ ಮೇಲೆ ಫೋನು ಸರಸರ ಅಂತ ಹಲವು ಚಿತ್ರ ತೆಗೆದು ಒಂದಾಗಿ ಸೇರಿಸುತ್ತದೆ.

ಈಗ ಅದೇ ಎಪಿಎಸ್-ಸಿ ಬಾಡಿಗೆ 35 ಎಂಎಂ ಎಫ್ 1.8 ಲೆನ್ಸ್ ಹಾಕಿ. 366 ಭಾಗಿಸು 3.24, ಅಂದರೆ 113. ಅದೇ 35 ಎಂಎಂನಲ್ಲಿ ಕಿಟ್ ಲೆನ್ಸ್ ಕೊಡುವುದರ ಆರು ಪಟ್ಟು. ಬಾಡಿ ಬದಲಾಗಿಲ್ಲ, ಸೆನ್ಸಾರ್ ಬದಲಾಗಿಲ್ಲ.

ಫುಲ್ ಫ್ರೇಮ್ ಬಾಡಿಗೆ ಎಫ್ 4 ಝೂಮ್ ಹಾಕಿದರೆ? 54. ಎಪಿಎಸ್-ಸಿ ಮತ್ತು ಪ್ರೈಮ್ ಜೋಡಿಯ ಅರ್ಧ ಕೂಡ ಇಲ್ಲ. ಫುಲ್ ಫ್ರೇಮ್‌ಗೂ 50 ಎಂಎಂ ಎಫ್ 1.8 ಹಾಕಿದರೆ 267 ಬರುತ್ತದೆ, ಅದು ಎಲ್ಲಕ್ಕಿಂತ ಮೇಲು, ಅದರಲ್ಲಿ ಎರಡು ಮಾತಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಬೇಲೂರಿನ ನವರಂಗದ ಒಳಗೆ ನಿಂತರೆ ಈ ಲೆಕ್ಕ ಕಣ್ಣಿಗೇ ಕಾಣುತ್ತದೆ. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿರುತ್ತದೆ, ಒಳಗೆ ಜಾಲಂಧ್ರಗಳಿಂದ ಬರುವ ಬೆಳಕು ಅಷ್ಟಕ್ಕಷ್ಟೆ. ಕಡೆದ ಕಂಬಗಳ ಹೊಳಪು, ಮಧ್ಯದ ಛಾವಣಿಯ ಕೆತ್ತನೆ, ಎಲ್ಲ ನೆರಳಲ್ಲಿ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅನುಮತಿ ಇಲ್ಲದೆ ಟ್ರೈಪಾಡ್ ಇಡುವ ಹಾಗಿಲ್ಲ, ಕೈಯಲ್ಲೇ ಹಿಡಿದು ತೆಗೆಯಬೇಕು. ಕೈ ಅಲುಗದೆ ಬರಬೇಕಾದರೆ ಸೆಕೆಂಡಿನ 50ನೇ ಒಂದು ಭಾಗದಷ್ಟಾದರೂ ಶಟರ್ ವೇಗ ಬೇಕು. ಸಿಕ್ಕ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸಬೇಕು ಅನ್ನುವ ಸಂಖ್ಯೆ ಐಎಸ್‌ಒ, ಅದು ಏರಿದಷ್ಟೂ ಕಾಳುಕಾಳು ಜಾಸ್ತಿ. ಕಿಟ್ ಲೆನ್ಸಿನಲ್ಲಿ ಆ ವೇಗಕ್ಕೆ ಐಎಸ್‌ಒ 6400 ಕೇಳುವ ಜಾಗದಲ್ಲಿ, ಎಫ್ 1.8 ಪ್ರೈಮ್‌ಗೆ 1000 ಸಾಕು. 6400ರಲ್ಲಿ ಹಳೇ ಎಪಿಎಸ್-ಸಿ ಕ್ಯಾಮೆರಾ ತೆಗೆದ ಕಂಬದ ಕಪ್ಪು ಕಲ್ಲು ಮರಳು ಚೆಲ್ಲಿದ ಹಾಗೆ ಕಾಣುತ್ತದೆ. 1000ದಲ್ಲಿ ಕಲ್ಲಿನ ಮೇಲಿನ ಸುತ್ತುಗೆರೆಗಳು ಒಂದೊಂದೂ ಎಣಿಸುವ ಹಾಗೆ ಬರುತ್ತವೆ.

ಒಂದು ಮಾತು ಸೇರಿಸಬೇಕು. ಎಫ್ 1.8ರಲ್ಲಿ ಫೋಕಸ್ ಇರುವ ಆಳ ಕಮ್ಮಿ. ಒಂದು ಕಂಬ ಪಕ್ಕಾ ಬಂದರೆ ಅದರ ಹಿಂದಿನ ಕಂಬ ಮಬ್ಬಾಗುತ್ತದೆ. ಇಡೀ ನವರಂಗ ಮುಂದಿನಿಂದ ಹಿಂದಿನವರೆಗೆ ಸ್ಪಷ್ಟ ಬೇಕು ಅನ್ನುವವರಿಗೆ ಪ್ರೈಮ್ ಉಪಾಯ ಅಲ್ಲ, ಅಲ್ಲಿ ಕಿಟ್ ಲೆನ್ಸ್ ಅಗಲ ಮಾಡಿಕೊಂಡು, ಕೈ ಗಟ್ಟಿ ಹಿಡಿದು, ಲೆನ್ಸಿನ ಕಂಪನ ತಡೆಯುವ ವ್ಯವಸ್ಥೆ ನಂಬಿ ನಿಧಾನ ಶಟರ್‌ನಲ್ಲಿ ತೆಗೆಯಬೇಕು. ಕಲ್ಲಿನ ಕಂಬ ಅಲುಗುವುದಿಲ್ಲ, ಆದ್ದರಿಂದ ಅದು ನಡೆಯುತ್ತದೆ. ಮನೆಯೊಳಗೆ ಓಡಾಡುವ ಮಗು, ಮದುವೆ ಮನೆ, ಸಂಜೆ ಜಾತ್ರೆ ಇಲ್ಲೆಲ್ಲ ಅದು ನಡೆಯುವುದಿಲ್ಲ. ಅಲ್ಲಿ ಪ್ರೈಮೇ ಬೇಕು.

ಹೊರಗೆ ಬಿಸಿಲಲ್ಲಿ ಲೆಕ್ಕವೇ ಬೇರೆ

ಬೆಳಕು ಧಾರಾಳ ಇದ್ದಾಗ ಮೇಲಿನ ಲೆಕ್ಕವೆಲ್ಲ ಬದಿಗಿಡಬಹುದು. ಮುಳ್ಳಯ್ಯನಗಿರಿಯಲ್ಲಿ ಬೆಳಗಿನ ಬಿಸಿಲಲ್ಲಿ ಬೆಟ್ಟದ ಸಾಲು ತೆಗೆಯಲು ಎಫ್ 8 ಇಡುತ್ತೀರಿ, ಕಿಟ್ ಲೆನ್ಸ್ ಆರಾಮಾಗಿ ಸಾಕು. ಬೇಲೂರಿನಲ್ಲೇ ಹೊರಗೋಡೆಯ ಮದನಿಕೆಯರನ್ನು ತೆಗೆಯಬೇಕಾದರೆ ಬೇಕಾಗುವುದು ದೊಡ್ಡ ಬಾಯಿಯ ಲೆನ್ಸ್ ಅಲ್ಲ, ಉದ್ದದ ಲೆನ್ಸ್. ಅವರು ಮೇಲೆ ಸೂರಿನ ಕೆಳಗೆ ಓರೆಯಾಗಿ ನಿಂತಿದ್ದಾರೆ. ಹತ್ತಿರ ಹೋಗಿ ಕತ್ತೆತ್ತಿ ತೆಗೆದರೆ ಗಲ್ಲ ದೊಡ್ಡದಾಗಿ, ತಲೆ ಚಿಕ್ಕದಾಗಿ ಕಾಣುತ್ತದೆ. ಹಿಂದೆ ಸರಿದು ಅಂಗಳದಿಂದ 100-150 ಎಂಎಂನಲ್ಲಿ ತೆಗೆದರೆ ಆಕಾರ ಸರಿಯಾಗಿ ಬರುತ್ತದೆ. ಅಂದರೆ 55-200 ಅಥವಾ 55-250ರಂಥ ಹಗುರದ ಅಗ್ಗದ ಝೂಮ್ ಸಾಕು.

ಹಕ್ಕಿಗಳ ವಿಷಯದಲ್ಲಂತೂ ಚಿಕ್ಕ ಸೆನ್ಸಾರೇ ನಮ್ಮ ಕಡೆಗಿದೆ. ಮೂಡಿಗೆರೆ ಕಡೆ ತೋಟದಲ್ಲಿ ಸಿಲ್ವರ್ ಓಕ್ ಮೇಲೆ ಕೂತ ಮಂಗಟ್ಟೆ ಕಂಡಿತು ಅಂದುಕೊಳ್ಳಿ. 300 ಎಂಎಂ ಲೆನ್ಸ್ ನಿಕಾನ್ ಎಪಿಎಸ್-ಸಿ ಬಾಡಿಯಲ್ಲಿ 450 ಎಂಎಂನಷ್ಟು ಹತ್ತಿರದ ನೋಟ ಕೊಡುತ್ತದೆ. ಅದೇ ಲೆನ್ಸನ್ನು 2012ರ ಕ್ಯಾನನ್ 6ಡಿಯಂಥ 20 ಮೆಗಾಪಿಕ್ಸೆಲ್ ಫುಲ್ ಫ್ರೇಮ್‌ಗೆ ಹಾಕಿ, ಕ್ಯಾನನ್ ಎಪಿಎಸ್-ಸಿಯಷ್ಟೇ ನೋಟ ಬರುವ ಹಾಗೆ ಆಮೇಲೆ ಕತ್ತರಿಸಿದರೆ ಉಳಿಯುವುದು ಸುಮಾರು 8 ಮೆಗಾಪಿಕ್ಸೆಲ್. 24 ಮೆಗಾಪಿಕ್ಸೆಲ್‌ನ ಎಪಿಎಸ್-ಸಿ ಬಾಡಿ ಅಲ್ಲಿ ಪೂರ್ತಿ 24 ಕೊಡುತ್ತದೆ. ಫುಲ್ ಫ್ರೇಮ್‌ನಲ್ಲಿ ಆ ನೋಟ ಬೇಕಾದರೆ 500 ಎಂಎಂ ಲೆನ್ಸ್ ಬೇಕು. ನಿಕಾನ್ 200-500 ಅಂಥದ್ದೇ ಒಂದು ಲೆನ್ಸ್, ತೂಕ 2 ಕಿಲೋಗೂ ಮೇಲೆ. ಮೊದಲ ಕ್ಯಾಮೆರಾ ತಗೊಳ್ಳುವವರು ಅದನ್ನು ಹೊತ್ತು ಭದ್ರಾ ಕಾಡಿನ ಅಂಚಿನಲ್ಲಿ ಓಡಾಡುವುದು ಬೇಡ.

ಹಾಗಾದರೆ ಯಾವುದು?

40 ಸಾವಿರದೊಳಗೆ ನಮ್ಮ ಮುಂದೆ ನಿಜವಾಗಿ ಇರುವ ದಾರಿಗಳು ನಾಲ್ಕು. ಹಳೇ ಎಪಿಎಸ್-ಸಿ ಡಿಎಸ್‌ಎಲ್‌ಆರ್, ಒಳಗೆ ಕನ್ನಡಿ ಇಲ್ಲದ ಹಳೇ ಮಿರರ್‌ಲೆಸ್, ಹಳೇ ಫುಲ್ ಫ್ರೇಮ್ ಡಿಎಸ್‌ಎಲ್‌ಆರ್, ಮತ್ತು ಮೈಕ್ರೋ ಫೋರ್ ಥರ್ಡ್ಸ್. ಹೊಸ ಮಿರರ್‌ಲೆಸ್ ಕಿಟ್ ತಗೊಳ್ಳಬೇಕಾದರೆ ಬಜೆಟ್ ಇನ್ನೂ ಮೇಲೇರಬೇಕು.

ಹೊಸ ಕಿಟ್‌ಗಳ ಬಗ್ಗೆ ಒಂದು ವಿಷಯ ಗಮನಿಸಿ. ಅವುಗಳ ಜೊತೆ ಬರುವ ಲೆನ್ಸ್‌ಗಳ ಬಾಯಿ ಹಳೇ 18-55ಗಿಂತ ಚಿಕ್ಕದಾಗುತ್ತಾ ಬಂದಿದೆ. ಕ್ಯಾನನ್ ಆರ್50 ಜೊತೆ ಬರುವ 18-45 ಲೆನ್ಸ್ ಶುರುವಾಗುವುದೇ ಎಫ್ 4.5ರಿಂದ. ಲೆಕ್ಕ ಹಾಕಿ ನೋಡಿ, 16 ಬರುತ್ತದೆ, ಫೋನಿಗಿಂತ ಕಮ್ಮಿ. ಬಾಡಿ ಒಳ್ಳೇದೇ, ಕಣ್ಣು ಹುಡುಕಿ ಫೋಕಸ್ ಮಾಡುವುದು ಹಳೇ ಡಿಎಸ್‌ಎಲ್‌ಆರ್‌ಗೆ ಕನಸು. ಆದರೆ ಬಾಡಿಗೇ ದುಡ್ಡೆಲ್ಲ ಹಾಕಿ ಕಿಟ್ ಲೆನ್ಸಿನಲ್ಲೇ ಎರಡು ವರ್ಷ ಕಳೆಯುವುದಾದರೆ, ರಾತ್ರಿ ಚಿತ್ರಗಳಲ್ಲಿ ನಿಮಗೆ ಬೇಜಾರು ತಪ್ಪಿದ್ದಲ್ಲ.

ಹಳೇ ಮಿರರ್‌ಲೆಸ್‌ನಲ್ಲಿ ಸೋನಿ ಎ6000 ಸಿಗುತ್ತದೆ, 2014ರದ್ದು. ಸೋನಿ ಕಡೆ ದೊಡ್ಡ ಅನುಕೂಲ ಅಂದರೆ ಬೇರೆ ಕಂಪನಿಗಳ ಲೆನ್ಸ್ ಆಯ್ಕೆ. ಸಿಗ್ಮಾದ 30 ಎಂಎಂ ಎಫ್ 1.4 ಹಾಕಿದರೆ ನಮ್ಮ ಲೆಕ್ಕದಲ್ಲಿ 187 ಬರುತ್ತದೆ. ವಿಡಿಯೋ ಜಾಸ್ತಿ ಮಾಡುವವರು, ಹಗುರ ಬೇಕು ಅನ್ನುವವರು ಇದನ್ನು ನೋಡಬಹುದು. ಬ್ಯಾಟರಿ ಮಾತ್ರ ಬೇಗ ಖಾಲಿ ಆಗುತ್ತದೆ, ಒಂದು ದಿನದ ಪ್ರವಾಸಕ್ಕೆ ಎರಡಾದರೂ ಬೇಕು. ಕ್ಯಾನನ್ ಎಂ50 ತುಂಬ ಅಗ್ಗಕ್ಕೆ ಬರುತ್ತಿದೆ ಅಂತ ಆಸೆ ಪಡಬೇಡಿ. ಅದರಲ್ಲಿ ಲೆನ್ಸ್ ಕೂರುವ ಇಎಫ್-ಎಂ ಮೌಂಟನ್ನು ಕ್ಯಾನನ್ ನಿಲ್ಲಿಸಿದೆ, ಅದರ ಲೆನ್ಸ್‌ಗಳು ಕ್ಯಾನನ್‌ನ ಈಗಿನ ಮಿರರ್‌ಲೆಸ್ ಬಾಡಿಗಳಿಗೆ ಕೂರುವುದಿಲ್ಲ.

ಮೈಕ್ರೋ ಫೋರ್ ಥರ್ಡ್ಸ್ ನನಗೆ ಇಷ್ಟ. 25 ಎಂಎಂ ಎಫ್ 1.8 ಹಾಕಿದರೆ 69 ಬರುತ್ತದೆ, ಫುಲ್ ಫ್ರೇಮ್ ಎಫ್ 4 ಝೂಮ್‌ಗಿಂತ ಜಾಸ್ತಿ. ಬಾಡಿ, ಲೆನ್ಸ್ ಸೇರಿ ಜರ್ಕಿನ್ ಜೇಬಿಗೆ ಹೋಗುತ್ತದೆ. ಕೆಮ್ಮಣ್ಣುಗುಂಡಿ, ಎತ್ತಿನಭುಜ ಅಂತ ನಡೆಯುವವರಿಗೆ ಇದು ಸರಿ. ತೊಂದರೆ ಏನೆಂದರೆ ನಮ್ಮ ಕಡೆ ಸೆಕೆಂಡ್ ಹ್ಯಾಂಡ್ ಸಿಗುವುದು ಅಪರೂಪ, ಲೆನ್ಸ್ ಎರವಲು ಕೊಡುವ ಗೆಳೆಯರೂ ಸಿಗುವುದಿಲ್ಲ.

ಹಳೇ ಫುಲ್ ಫ್ರೇಮ್, ಅಂದರೆ ಕ್ಯಾನನ್ 6ಡಿ, ನಿಕಾನ್ ಡಿ600, ಡಿ610. ಮೊದಲೇ ಹೇಳಿದ ಹಾಗೆ 50 ಎಂಎಂ ಎಫ್ 1.8 ಜೊತೆ ಮಬ್ಬು ಬೆಳಕಿನಲ್ಲಿ ಇವುಗಳ ಸಮಕ್ಕೆ ಯಾವುದೂ ಬರುವುದಿಲ್ಲ. ಬರೀ ಮನುಷ್ಯರ ಚಿತ್ರ, ಮನೆಯೊಳಗಿನ ಚಿತ್ರ ಅಂತ ಗಟ್ಟಿಯಾಗಿ ಗೊತ್ತಿರುವವರು ಧೈರ್ಯವಾಗಿ ತಗೊಳ್ಳಿ. ಆದರೆ ದುಡ್ಡೆಲ್ಲ ಬಾಡಿಗೆ ಹೋಗುತ್ತದೆ, ಮುಂದಿನ ಪ್ರತಿ ಝೂಮ್ ಲೆನ್ಸೂ ದುಬಾರಿ, ಭಾರ. ಡಿ600ದಲ್ಲಿ ಸೆನ್ಸಾರ್ ಮೇಲೆ ಎಣ್ಣೆ-ಧೂಳಿನ ಚುಕ್ಕೆ ಬೀಳುತ್ತಿತ್ತು, 2014ರಲ್ಲಿ ನಿಕಾನ್ ತಾನೇ ಶಟರ್ ಬದಲಿಸಿಕೊಡುತ್ತೇನೆ ಅಂತ ಪ್ರಕಟಿಸಿತು. ಅದನ್ನು ನೋಡುವವರು ಶಟರ್ ಬದಲಾಗಿದೆಯಾ ಅಂತ ಕೇಳಲೇಬೇಕು.

ಎಲ್ಲ ತೂಗಿ ನೋಡಿದರೆ ಇನ್ನೂ ಏನು ತೆಗೆಯಬೇಕು ಅಂತ ಗೊತ್ತಿಲ್ಲದವರಿಗೆ ಎಪಿಎಸ್-ಸಿ ಡಿಎಸ್‌ಎಲ್‌ಆರ್ ಸರಿ. ನಿಕಾನ್, ಕ್ಯಾನನ್ ಈಗ ಮಿರರ್‌ಲೆಸ್ ಕಡೆ ಹೊರಟಿವೆ, ಅದಕ್ಕೇ ಇವು ಅಗ್ಗಕ್ಕೆ ಸಿಗುತ್ತಿವೆ. ಲೆನ್ಸ್‌ಗಳನ್ನಂತೂ ಆಮೇಲೆ ಅಡಾಪ್ಟರ್ ಹಾಕಿ ಮಿರರ್‌ಲೆಸ್‌ನಲ್ಲೂ ಬಳಸಬಹುದು.

ಇಲ್ಲೊಂದು ಹಳ್ಳ ಇದೆ, ನಿಕಾನ್ ತಗೊಳ್ಳುವವರು ನೋಡಿಕೊಂಡು ಹೆಜ್ಜೆ ಇಡಬೇಕು. ಡಿ3000, ಡಿ5000 ಸಾಲಿನ ಬಾಡಿಗಳಲ್ಲಿ ಫೋಕಸ್ ಮೋಟಾರ್ ಇಲ್ಲ. ಲೆನ್ಸಿನಲ್ಲೇ ಮೋಟಾರ್ ಇರಬೇಕು, ಅಂದರೆ ಲೆನ್ಸ್ ಮೇಲೆ ಎಎಫ್-ಎಸ್ ಅಥವಾ ಎಎಫ್-ಪಿ ಅಂತ ಬರೆದಿರಬೇಕು. ಹಳೇ 50 ಎಂಎಂ ಎಫ್ 1.8 ಡಿ ಅಗ್ಗ ಅಂತ ತಂದು ಹಾಕಿದರೆ ಆಟೋಫೋಕಸ್ ಆಗುವುದಿಲ್ಲ, ಕೈಯಲ್ಲೇ ತಿರುಗಿಸಬೇಕು. ಡಿ7000 ಸಾಲಿನಲ್ಲಿ ಮೋಟಾರ್ ಇದೆ. ಇನ್ನು ಎಎಫ್-ಪಿ ಅಂತ ಬರೆದ ಹೊಸ ಲೆನ್ಸ್‌ಗಳು ಡಿ3100, ಡಿ3200, ಡಿ5100ರಂಥ ಹಳೇ ಬಾಡಿಗಳಲ್ಲಿ ಫೋಕಸ್ಸೇ ಆಗುವುದಿಲ್ಲ. ಡಿ3300, ಡಿ5300ಕ್ಕೆ ಫರ್ಮ್‌ವೇರ್ ಹೊಸದು ಮಾಡಿಕೊಂಡರೆ ಆಗುತ್ತದೆ. ಕ್ಯಾನನ್‌ನಲ್ಲಿ ಈ ತಲೆನೋವಿಲ್ಲ, ಇಎಫ್ ಲೆನ್ಸ್‌ಗಳಲ್ಲಿ 1987ರಿಂದಲೂ ಮೋಟಾರ್ ಲೆನ್ಸ್ ಒಳಗೇ ಇದೆ.

ಹಾಸನದಲ್ಲಿ ನೋಡಿದ ಒಂದು ಕ್ಯಾಮೆರಾ

ಮೂಡಿಗೆರೆ ಕಡೆಯಿಂದ ನನ್ನ ಚಿಕ್ಕಪ್ಪನ ಮಗ ಕ್ಯಾಮೆರಾ ನೋಡಲು ಬಂದಿದ್ದ. ನಿಕಾನ್ ಡಿ5300, ಜೊತೆಗೆ 18-55 ಮತ್ತು 55-200 ಲೆನ್ಸ್, ಎಲ್ಲ ಸೇರಿ 28 ಸಾವಿರ. ಮಾರುವವರು ಸಂಭಾವಿತರು, ಕಾಫಿ ಕೊಟ್ಟು ಕೂರಿಸಿದರು. "ನೋಡಿ ಸಾರ್, ಮೂರು ವರ್ಷದಿಂದ ಬ್ಯಾಗಲ್ಲೇ ಇದೆ. ನಾವು ಬಳಸಿದ್ದೇ ಕಮ್ಮಿ."

"ಅಣ್ಣ, ಬಳಸಿಲ್ಲ ಅಂದರೆ ಒಳ್ಳೇದೇ ಅಲ್ವಾ?" ಅಂತ ಇವನು ಮೆಲ್ಲಗೆ ಕೇಳಿದ. ನಮ್ಮ ಹವಾಮಾನದಲ್ಲಿ ಅದು ಅರ್ಧ ಮಾತ್ರ ನಿಜ. ಬಾಡಿಗೆ ಕಮ್ಮಿ ಬಳಕೆ ಒಳ್ಳೇದು. ಲೆನ್ಸಿಗೆ ಮೂರು ಮಳೆಗಾಲ ಬ್ಯಾಗಿನಲ್ಲಿ ಕೂರುವುದು ಕೆಟ್ಟದ್ದು. ದಿನಾ ಬಳಸುವ ಲೆನ್ಸಿಗೆ ಗಾಳಿ, ಬೆಳಕು ಸಿಗುತ್ತದೆ. ಬೀರುವಿನಲ್ಲಿ ಮುಚ್ಚಿಟ್ಟದ್ದಕ್ಕೆ ಬೂಷ್ಟು ಹಿಡಿಯುತ್ತದೆ.

ಮೊದಲು ಬಾಡಿ ನೋಡಿದೆವು. ಒಂದು ಚಿತ್ರ ತೆಗೆದು ಕಾರ್ಡನ್ನು ಲ್ಯಾಪ್‌ಟಾಪ್‌ಗೆ ಹಾಕಿ, exiftool ಅನ್ನುವ ಸಾಫ್ಟ್‌ವೇರ್‌ನಲ್ಲಿ ಶಟರ್ ಎಣಿಕೆ, ಅಂದರೆ ಶಟರ್ ಇದುವರೆಗೆ ಎಷ್ಟು ಸಲ ಬಿದ್ದಿದೆ ಅನ್ನುವ ಲೆಕ್ಕ ತೆಗೆದೆವು. ನಿಕಾನ್ ಕ್ಯಾಮೆರಾ ಪ್ರತಿ ಚಿತ್ರದ ಫೈಲಿನೊಳಗೂ ಅದನ್ನು ಬರೆದಿಡುತ್ತದೆ:

```
exiftool -ShutterCount DSC_0412.JPG
```

9 ಸಾವಿರ ಚಿಲ್ಲರೆ ಬಂತು. ಈ ದರ್ಜೆಯ ಶಟರನ್ನು 1 ಲಕ್ಷ ಸಲಕ್ಕೆ ಪರೀಕ್ಷಿಸಿರುತ್ತಾರೆ, ಅಂದರೆ ಇದು ಹೊಸದರ ಹಾಗೇ. ಮಾರುವವರು ವಾಟ್ಸಾಪ್‌ನಲ್ಲಿ ಕಳಿಸಿದ ಚಿತ್ರದಲ್ಲಿ ಈ ಮಾಹಿತಿ ಉಳಿದಿರುವುದಿಲ್ಲ, ನಿಮ್ಮ ಕಣ್ಣೆದುರು ತೆಗೆದ ಮೂಲ ಫೈಲೇ ಬೇಕು. ಕ್ಯಾನನ್‌ನ ಹೆಚ್ಚಿನ ಬಾಡಿಗಳು ಎಣಿಕೆಯನ್ನು ಫೈಲಿನಲ್ಲಿ ಬರೆಯುವುದಿಲ್ಲ, ಅಲ್ಲಿ ಗುಂಡಿಗಳ ಸವೆತ, ರಬ್ಬರಿನ ಹೊಳಪು ನೋಡಿ ಅಂದಾಜು ಮಾಡಬೇಕು. ಮದುವೆ ಸ್ಟುಡಿಯೋದವರು ಮಾರುವ ಬಾಡಿಗಳಲ್ಲಿ ಎಣಿಕೆ ಲಕ್ಷ ದಾಟಿರುವುದು ಸಾಮಾನ್ಯ, ಹಾಗಂತ ಅದು ನಾಳೆಯೇ ನಿಲ್ಲುತ್ತದೆ ಅಂತಲ್ಲ, ಬೆಲೆ ಆ ಲೆಕ್ಕಕ್ಕೆ ಇಳಿಯಬೇಕು ಅಷ್ಟೆ.

ಆಮೇಲೆ ಎಫ್ 16 ಇಟ್ಟು, ಫೋಕಸ್ ಕೆಡಿಸಿ, ಆಕಾಶದ ಚಿತ್ರ ತೆಗೆದೆವು. ಸೆನ್ಸಾರ್ ಮೇಲಿನ ಧೂಳು ಬೂದು ಚುಕ್ಕೆಯಾಗಿ ಕಾಣುತ್ತದೆ. ಎರಡು ಚುಕ್ಕೆ ಇತ್ತು, ಒರೆಸಿದರೆ ಹೋಗುವಂಥದ್ದು. ಗೀಚಾಗಿದ್ದರೆ ಗೆರೆ ಕಾಣುತ್ತಿತ್ತು, ಆಗ ಎದ್ದು ಬರಬೇಕು. ಲೆನ್ಸಿನ ಮುಚ್ಚಳ ಹಾಕಿ 30 ಸೆಕೆಂಡಿನ ಒಂದು ಕಪ್ಪು ಚಿತ್ರವನ್ನೂ ತೆಗೆದೆವು, ಕೆಟ್ಟ ಪಿಕ್ಸೆಲ್ ಇದ್ದರೆ ಕೆಂಪು, ನೀಲಿ ಚುಕ್ಕೆಯಾಗಿ ಉರಿಯುತ್ತವೆ.

ನಂತರ ಲೆನ್ಸ್. ಎರಡೂ ಮುಚ್ಚಳ ತೆಗೆದು, ರೂಮಿನ ಲೈಟ್ ಆರಿಸಿ, ಹಿಂದಿನಿಂದ ಫೋನಿನ ಟಾರ್ಚ್ ಓರೆಯಾಗಿ ಹಿಡಿದು ಮುಂದಿನಿಂದ ನೋಡಬೇಕು. ಒಂದು ಸೂಕ್ಷ್ಮ ಇದೆ. ಇಂಥ ನಿಕಾನ್ ಲೆನ್ಸನ್ನು ಬಾಡಿಯಿಂದ ತೆಗೆದಾಗ ಅಪರ್ಚರ್ ಎಲೆಗಳು ಮುಚ್ಚಿಕೊಂಡಿರುತ್ತವೆ, ಒಳಗೆ ಏನೂ ಕಾಣುವುದಿಲ್ಲ. ಹಿಂಬದಿಯಲ್ಲಿ ಒಂದು ಸಣ್ಣ ಲೋಹದ ಕಡ್ಡಿ ಇದೆ, ಅದನ್ನು ಬೆರಳಿನಿಂದ ಒತ್ತಿ ಹಿಡಿದರೆ ಬಾಯಿ ತೆರೆಯುತ್ತದೆ. ಕ್ಯಾನನ್ ಇಎಫ್ ಲೆನ್ಸಿನಲ್ಲಿ ಬಾಯಿ ತಾನಾಗಿಯೇ ತೆರೆದಿರುತ್ತದೆ.

18-55 ಶುಭ್ರವಾಗಿತ್ತು, ಅಲ್ಲಲ್ಲಿ ಧೂಳಿನ ಕಣ. ಅದು ಎಲ್ಲ ಹಳೇ ಲೆನ್ಸಿನಲ್ಲೂ ಇರುತ್ತದೆ, ಚಿತ್ರದಲ್ಲಿ ಕಾಣುವುದಿಲ್ಲ. 55-200ರಲ್ಲಿ ಟಾರ್ಚ್ ಹಿಡಿದು ಸ್ವಲ್ಪ ಓರೆ ಮಾಡಿದ ಕೂಡಲೇ ಒಳಗಿನ ಗಾಜಿನ ಅಂಚಿನಿಂದ ಮಧ್ಯಕ್ಕೆ ಬಿಳಿ ಎಳೆಗಳು ಕವಲೊಡೆದು ಹರಡಿದ್ದು ಕಂಡಿತು. ಬೆಳಕು ನೇರ ಹಿಡಿದರೆ ಮಾಯ, ಓರೆ ಮಾಡಿದರೆ ಮತ್ತೆ ಪ್ರತ್ಯಕ್ಷ. ಇದೇ ಬೂಷ್ಟು. ಧೂಳು ಚುಕ್ಕೆಯಾಗಿರುತ್ತದೆ, ಬೂಷ್ಟಿಗೆ ಎಳೆ, ಕವಲು ಇರುತ್ತದೆ. ಎಳೆ ಇಲ್ಲದೆ ಇಡೀ ಗಾಜು ಹಾಲಿನ ಹಾಗೆ ಮಸುಕಾಗಿದ್ದರೆ ಅದು ಬೇರೆ ರೋಗ, ಒಳಗಿನ ಗ್ರೀಸ್ ಆವಿಯಾಗಿ ಗಾಜಿನ ಮೇಲೆ ಕೂತಿರುತ್ತದೆ. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ಪಟ್ಟೆ ಕಂಡರೆ ಅಂಟಿಸಿದ ಗಾಜುಗಳು ಬಿಟ್ಟುಕೊಳ್ಳುತ್ತಿವೆ ಅಂತ ಅರ್ಥ.

ಮಾರುವವರಿಗೆ ತೋರಿಸಿದೆವು. ಅವರಿಗೆ ಗೊತ್ತೇ ಇರಲಿಲ್ಲ ಪಾಪ, ಟಾರ್ಚ್ ಇಸಕೊಂಡು ತಾವೇ ತಿರುಗಿಸಿ ತಿರುಗಿಸಿ ನೋಡಿದರು. ಬೂಷ್ಟು ಅಂಚಿನಲ್ಲಿ ಸ್ವಲ್ಪ ಇದ್ದರೆ ಚಿತ್ರದಲ್ಲಿ ಕಾಣುವುದಿಲ್ಲ ನಿಜ. ಆದರೆ ಅದು ಬೆಳೆಯುತ್ತದೆ, ಗಾಜಿನ ಮೇಲಿನ ಲೇಪನವನ್ನು ತಿನ್ನುತ್ತದೆ, ತಿಂದ ಮೇಲೆ ಒರೆಸಿದರೂ ಕಲೆ ಹೋಗುವುದಿಲ್ಲ. ಮುಂದಿನ ಗಾಜಾದರೆ ಒರೆಸಬಹುದು. ಒಳಗಿನ ಗಾಜಿಗೆ ಲೆನ್ಸ್ ಬಿಚ್ಚಬೇಕು, ಇಂಥ ಅಗ್ಗದ ಝೂಮ್‌ಗೆ ಅದರ ಕೂಲಿಯೇ ಲೆನ್ಸಿನ ಬೆಲೆಯ ಹತ್ತಿರ ಬರುತ್ತದೆ. ಕೊನೆಗೆ 55-200 ಬಿಟ್ಟು ಬಾಡಿ ಮತ್ತು 18-55 ಮಾತ್ರ 21 ಸಾವಿರಕ್ಕೆ ಮುಗಿಯಿತು. ಮೂಲ ಬಿಲ್ಲು, ಚಾರ್ಜರ್ ಕೇಳಿ ತಗೊಂಡೆವು, ಬಿಲ್ಲಿನ ಸೀರಿಯಲ್ ನಂಬರನ್ನು ಬಾಡಿಯ ತಳದ ನಂಬರಿಗೆ ಹೋಲಿಸಿದೆವು.

35 ಎಂಎಂ ಎಫ್ 1.8 ಜಿ ಸೆಕೆಂಡ್ ಹ್ಯಾಂಡ್ ಬೆಂಗಳೂರಿನ ಅಂಗಡಿಯಲ್ಲಿ 8,500ಕ್ಕೆ ಸಿಕ್ಕಿತು. ಡಿಎಸ್‌ಎಲ್‌ಆರ್‌ಗೆ ಎಫ್ 1.8 ಲೆನ್ಸ್ ತಗೊಳ್ಳುವಾಗ ಒಂದು ಪರೀಕ್ಷೆ ಬಿಡಲೇಬಾರದು, ಅದೂ ನಿಮ್ಮ ಬಾಡಿಯಲ್ಲೇ ಮಾಡಬೇಕು. ದಿನಪತ್ರಿಕೆಯನ್ನು ಮೇಜಿನ ಮೇಲೆ ಹಾಸಿ, ಓರೆಯಿಂದ, ಎಫ್ 1.8ರಲ್ಲಿ, ಮಧ್ಯದ ಒಂದು ಸಾಲಿಗೆ ಫೋಕಸ್ ಮಾಡಿ ತೆಗೆಯಿರಿ. ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ ಒಂದು ಸಲ, ಹಿಂದಿನ ಪರದೆಯಲ್ಲಿ ನೋಡುತ್ತಾ ಇನ್ನೊಂದು ಸಲ. ಪರದೆಯದ್ದು ಸರಿಯಿದ್ದು ಕಿಂಡಿಯದ್ದು ಪ್ರತಿ ಸಲವೂ ಎರಡು ಸಾಲು ಮುಂದೆ ಅಥವಾ ಹಿಂದೆ ಬಿದ್ದರೆ, ಆ ಬಾಡಿಗೂ ಆ ಲೆನ್ಸಿಗೂ ಹೊಂದಿಕೆ ಇಲ್ಲ. ಡಿ7000 ಸಾಲಿನಲ್ಲಿ ಮೆನುವಿನಲ್ಲೇ ಇದನ್ನು ತಿದ್ದಬಹುದು, ಡಿ5300ರಲ್ಲಿ ಆ ಸೌಲಭ್ಯ ಇಲ್ಲ, ಹಾಗಾಗಿ ಬೇರೆ ಲೆನ್ಸ್ ಕೇಳಬೇಕು. ಇವನಿಗೆ ಎರಡನೇ ಲೆನ್ಸ್ ಸರಿಹೋಯಿತು. ಮಿರರ್‌ಲೆಸ್ ಸೆನ್ಸಾರ್ ಮೇಲೇ ಫೋಕಸ್ ನೋಡುವುದರಿಂದ ಅಲ್ಲಿ ಈ ತೊಂದರೆ ಬರುವುದಿಲ್ಲ, ಅದು ಮಿರರ್‌ಲೆಸ್‌ಗೆ ಸಲ್ಲಬೇಕಾದ ಅಂಕ.

ಒಟ್ಟು 29,500. ಉಳಿದ ಹತ್ತು ಸಾವಿರ ಚಿಲ್ಲರೆಯಲ್ಲಿ ಕಾರ್ಡು, ಇನ್ನೊಂದು ಬ್ಯಾಟರಿ, ಲೆನ್ಸ್ ಇಡುವ ಡಬ್ಬಿ. ಮಿಕ್ಕಿದ್ದನ್ನು ಖರ್ಚು ಮಾಡಬೇಡ ಅಂತ ಹೇಳಿದ್ದೇನೆ. ಒಂದು ಮಳೆಗಾಲ ಕಳೆಯಲಿ, ಹಕ್ಕಿಗಳ ಹುಚ್ಚು ಹತ್ತಿದರೆ 70-300 ಎಎಫ್-ಪಿ ನೋಡಬಹುದು, ಕಾಫಿ ಹೂವಿನ ಕೇಸರ ಹತ್ತಿರದಿಂದ ತೆಗೆಯುವ ಆಸೆಯಾದರೆ ಮ್ಯಾಕ್ರೋ ನೋಡಬಹುದು.

ಮಳೆಗಾಲದಲ್ಲಿ ಇಡುವ ಬಗೆ

ಗಾಳಿಯ ತೇವ ನೂರಕ್ಕೆ 60-65 ದಾಟಿ ದಿನಗಟ್ಟಲೆ ಹಾಗೇ ಇದ್ದರೆ ಬೂಷ್ಟಿಗೆ ಹಬ್ಬ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತಿರುತ್ತದೆ, ಅಲ್ಲಿ ಲೆನ್ಸನ್ನು ಬ್ಯಾಗಿನಲ್ಲಿ ಇಡಲೇಬೇಡಿ. ಚರ್ಮದ ಚೀಲ ಇನ್ನೂ ಕೆಟ್ಟದ್ದು, ಚರ್ಮಕ್ಕೇ ಮೊದಲು ಬೂಷ್ಟು ಬರುತ್ತದೆ.

ಕರೆಂಟಿನ ಡ್ರೈ ಕ್ಯಾಬಿನೆಟ್ ಇದ್ದರೆ ಚೆನ್ನ, ಆದರೆ ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟಿನ ಕಥೆ ಗೊತ್ತೇ ಇದೆ. ಗಾಳಿಯಾಡದ ಹಾಗೆ ರಬ್ಬರ್ ಅಂಚಿರುವ ಪ್ಲಾಸ್ಟಿಕ್ ಡಬ್ಬಿ, ಒಂದಷ್ಟು ಸಿಲಿಕಾ ಜೆಲ್, ಒಳಗೆ ತೇವ ತೋರಿಸುವ ಸಣ್ಣ ಮೀಟರ್, ಇಷ್ಟರಲ್ಲೇ ಕೆಲಸ ಆಗುತ್ತದೆ. ಮೀಟರ್ 40ರಿಂದ 50ರೊಳಗೆ ಇರಲಿ. ತೀರಾ 30ಕ್ಕಿಂತ ಕೆಳಗೆ ಒಣಗಿಸುವುದೂ ಬೇಡ, ರಬ್ಬರು, ಗ್ರೀಸ್ ಒಣಗುತ್ತವೆ. ಜೆಲ್ ಬಣ್ಣ ಬದಲಾಯಿಸಿದರೆ ನೀರು ಕುಡಿದಿದೆ ಅಂತ ಅರ್ಥ, 120 ಡಿಗ್ರಿ ಆಸುಪಾಸಿನಲ್ಲಿ ಓವನ್‌ನಲ್ಲೋ ಸಣ್ಣ ಉರಿಯ ಬಾಣಲೆಯಲ್ಲೋ ಬಿಸಿ ಮಾಡಿದರೆ ಮತ್ತೆ ಮೊದಲಿನ ಬಣ್ಣಕ್ಕೆ ಬರುತ್ತದೆ. ನೀಲಿಯಿಂದ ಗುಲಾಬಿಗೆ ತಿರುಗುವ ಜೆಲ್‌ನಲ್ಲಿ ಕೋಬಾಲ್ಟ್ ಇರುತ್ತದೆ, ಅದು ವಿಷ, ಅಡುಗೆಯ ಪಾತ್ರೆಯಲ್ಲಿ ಬಿಸಿ ಮಾಡಬೇಡಿ. ಕಿತ್ತಳೆಯಿಂದ ಹಸಿರಿಗೆ ತಿರುಗುವುದನ್ನೇ ಕೇಳಿ ತಗೊಳ್ಳಿ, ಅದಕ್ಕೂ ಬೇರೆ ಪಾತ್ರೆಯನ್ನೇ ಇಟ್ಟುಕೊಳ್ಳಿ.

ಮಳೆಯಲ್ಲಿ ನೆನೆದು ಬಂದ ದಿನ ಕ್ಯಾಮೆರಾವನ್ನು ನೇರ ಡಬ್ಬಿಗೆ ಹಾಕಿ ಮುಚ್ಚಬೇಡಿ. ಒಣ ಬಟ್ಟೆಯಲ್ಲಿ ಒರೆಸಿ, ರಾತ್ರಿಯಿಡೀ ಫ್ಯಾನಿನ ಕೆಳಗೆ ಬಿಟ್ಟು, ಬೆಳಿಗ್ಗೆ ಡಬ್ಬಿಗೆ ಸೇರಿಸಿ. ಆಮೇಲೆ ಎರಡು ದಿನ ಮೀಟರ್ ಮೇಲೆ ಕಣ್ಣಿಡಿ, 55 ದಾಟಿದರೆ ಜೆಲ್ ಬದಲಿಸಬೇಕು.